ಸರಗೂರಿನ ‘ಅಮ್ಮಿ’, ಧಾರವಾಡದ ‘ಲೇ’: ಅಕ್ಕರೆಯ ಮಾತಿನ ನೆಲೆ

ಕನ್ನಡದ ಪ್ರಾದೇಶಿಕ ಭೇದಗಳ ಚರ್ಚೆಯಲ್ಲಿ ಧ್ವನಿವ್ಯತ್ಯಾಸ ಹಾಗೂ ಪ್ರತ್ಯಯಗಳಿಗೆ ದೊರೆತಷ್ಟು ಗಮನ ಅಕ್ಕರೆಯ ಮಾತುಗಳಿಗೆ ದೊರೆತಿಲ್ಲ. ‘ಚಿನ್ನ’, ‘ಬಂಗಾರ’, ‘ಕಂದ’ ಮೊದಲಾದ ಪದಗಳು ನಾಡಿನೆಲ್ಲೆಡೆ ಅರ್ಥವಾಗುತ್ತವೆ. ನಿಜವಾದ ಭೇದವಿರುವುದು ಕ್ರಿಯಾಪದದ ತುದಿಗೆ ಅಂಟಿಕೊಳ್ಳುವ ಚಿಕ್ಕ ಸಂಬೋಧನೆಗಳಲ್ಲಿ.

ಕಪಿಲೆಯ ದಂಡೆಯ ಸರಗೂರು ಸೀಮೆಯ ಹಳ್ಳಿಗಳ ಆಡುಮಾತಿನಲ್ಲಿ ಸಲಿಗೆಯ ಗಂಡಸಿಗೆ ‘ಲಾ’, ಹೆಣ್ಣಿಗೆ ‘ಅಮ್ಮಿ’ ಸಲ್ಲುತ್ತದೆ: ‘ಬಾಲಾ’, ‘ಬಾಮ್ಮಿ’. ಹಿರಿಯರು ಕಿರಿಯರಿಗೆ, ಗೆಳತಿಯರು ತಮ್ಮತಮ್ಮಲ್ಲಿ, ಗಂಡನು ಹೆಂಡತಿಗೆ ಆಡಿದಾಗ ಇದು ಅಕ್ಕರೆ. ಕಿರಿಯರು ಹಿರಿಯರಿಗೆ ಆಡಿದರೆ ಅದೇ ಮಾತು ಅವಮಾನ. ಅಲ್ಲಿ ‘ಅವ್ವ’ ಬರಬೇಕು. ಆದರೆ ಅದೇ ‘ಅವ್ವ’ವನ್ನು ಪುಟ್ಟ ಹುಡುಗಿಗೆ ‘ಬಾರವ್ವ’ ಎಂದು ಬಳಸಿದಾಗ ಅದು ಗೌರವವಾಗಿ ಉಳಿಯದೆ ಮುದ್ದಾಗುತ್ತದೆ. ಸವಿ ಪದದಲ್ಲಿಲ್ಲ, ಆಡುವವರ ಮತ್ತು ಕೇಳುವವರ ಸಂಬಂಧದಲ್ಲಿದೆ ಎಂಬುದಕ್ಕೆ ಇಷ್ಟು ಸಾಕು.

ಸೀಮೆ ಬದಲಾದಾಗ ತೊಡಕು ಹೆಚ್ಚುತ್ತದೆ. ಧಾರವಾಡದ ಕಡೆ ‘ಲೇ’ ಗೆಳೆಯರು ಒಬ್ಬರನ್ನೊಬ್ಬರು ಕರೆದುಕೊಳ್ಳುವ ಮಾತು. ಮೈಸೂರು ಸೀಮೆಯಲ್ಲಿ ಅದು ಬಹುಮಟ್ಟಿಗೆ ಹೆಣ್ಣನ್ನು, ಅದರಲ್ಲೂ ಹೆಂಡತಿಯನ್ನು, ಕರೆಯುವ ಮಾತು. ಧಾರವಾಡದ ಯುವಕನೊಬ್ಬ ಸರಗೂರಿನ ಹೊಸ ಗೆಳೆಯನಿಗೆ ‘ಎಲ್ಲಿ ಅದೀಲೇ’ ಎಂದು ಬರೆದನೆನ್ನೋಣ. ಬರೆದವನ ಸಲಿಗೆ ಓದುವವನಿಗೆ ಒರಟಾಗಿಯೋ ವಿಚಿತ್ರವಾಗಿಯೋ ತೋರುವುದು ಸಹಜ. ಎದುರಾಎದುರು ಆಡಿದ್ದರೆ ನಗೆಯೂ ರಾಗವೂ ಅದನ್ನು ತಿದ್ದುತ್ತಿದ್ದವು. ಬರಹದ ಸಂದೇಶಕ್ಕೆ ಆ ಆಸರೆಯಿಲ್ಲ.

ಹಾಗೆಂದು ಶಿಷ್ಟರೂಪವೇ ಸುರಕ್ಷಿತ ಎನ್ನುವಂತಿಲ್ಲ. ದಿನವೂ ‘ಉಂಡ್ಯಾಮ್ಮಿ?’ ಎಂದು ಕೇಳುವ ಗಂಡ ಒಂದು ದಿನ ‘ಊಟ ಮಾಡಿದಿರಾ?’ ಎಂದು ಬರೆದರೆ ಹೆಂಡತಿ ಅದರಲ್ಲಿ ಗೌರವವನ್ನಲ್ಲ, ಮುನಿಸನ್ನೋ ಕೊಂಕನ್ನೋ ಓದುತ್ತಾಳೆ. ಇನ್ನೂ ಸಲಿಗೆ ಬೆಳೆಯದವರ ನಡುವೆ ‘ಊಟ ಆಯ್ತಾ?’ ಎಂಬ ರೂಪ ನೆರವಿಗೆ ಬರುತ್ತದೆ. ಇಲ್ಲಿ ಕ್ರಿಯೆಯ ಕರ್ತೃ ‘ಊಟ’ವಾದ್ದರಿಂದ ‘ನೀನು’, ‘ನೀವು’ಗಳ ಆಯ್ಕೆಯೇ ಏಳುವುದಿಲ್ಲ. ಆದರೆ ಆಪ್ತರಿಗೆ ಇದೇ ರೂಪ ಸಪ್ಪೆ. ಆದ್ದರಿಂದ ಸಂದೇಶದ ಶೈಲಿಯನ್ನು ನಿರ್ಧರಿಸಬೇಕಾದದ್ದು ಬರೆಯುವವರ ಊರಲ್ಲ. ಓದುವವರ ಊರು ಮತ್ತು ಇಬ್ಬರ ನಡುವೆ ಈಗಾಗಲೇ ನೆಲೆಗೊಂಡಿರುವ ಸಲಿಗೆ.

ದೇವನೂರ ಮಹಾದೇವರ ‘ಕುಸುಮಬಾಲೆ’ ನೆರೆಯ ನಂಜನಗೂಡು ಸೀಮೆಯ ನುಡಿಯನ್ನು ಕಥನದ ಭಾಷೆಯಾಗಿಸಿತು. ಕಾದಂಬರಿಯಲ್ಲಿ ಯಾರು ಯಾರಿಗೆ ಆಡುತ್ತಿದ್ದಾರೆ ಎಂಬುದನ್ನು ಕಥನವೇ ತಿಳಿಸುತ್ತದೆ; ನಿಘಂಟಿನಲ್ಲಿ ಆ ಸೌಲಭ್ಯವಿಲ್ಲ. ‘ಅಮ್ಮಿ’ಗೆ ‘ಸ್ತ್ರೀಸಂಬೋಧನೆ’ ಎಂದಷ್ಟೇ ಅರ್ಥ ಕೊಟ್ಟರೆ ಅದರ ಬಳಕೆ ತಿಳಿಯದು. ಉಪಭಾಷಾ ಸಂಗ್ರಹಕಾರರು ಪ್ರತಿ ಸಂಬೋಧನೆಯ ಜೊತೆಗೆ ಆಡುವವರ ಮತ್ತು ಕೇಳುವವರ ವಯಸ್ಸು, ಲಿಂಗ, ನಂಟುಗಳನ್ನು ದಾಖಲಿಸಬೇಕು. ಯಾರಿಗೆ ಅದನ್ನು ಆಡಬಾರದೆಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಅಕ್ಕರೆಯ ಮಾತಿನ ವ್ಯಾಕರಣದಲ್ಲಿ ಈ ನಿಷೇಧವೇ ಅರ್ಧ ಭಾಗ.