ಕೂಡಿದ ಅಂಕವೋ, ಕಡಮೆಯ ಅಂಕವೋ?

ವಿಜ್ಞಾನದ ಸಂಶೋಧನಾ ಯೋಜನೆಯೊಂದನ್ನು ಕೈಗೊಳ್ಳುವ ಮೊದಲು ಮೂರು ನಾಲ್ಕು ವಿಷಯಗಳನ್ನು ಮುಂದಿಟ್ಟುಕೊಂಡು, ಅವಕ್ಕೆ ಅಂಕಗಳನ್ನು ಕೊಟ್ಟು, ಹೆಚ್ಚು ಅಂಕ ಬಂದುದನ್ನು ಆರಿಸಿಕೊಳ್ಳುವ ಪದ್ಧತಿಯುಂಟು. ಆಸಕ್ತಿ, ಮಾಹಿತಿಯ ಲಭ್ಯತೆ, ಕಾಲಾವಕಾಶ, ಉಪಾಧ್ಯಾಯರ ನೆರವು ಎಂಬ ನಾಲ್ಕು ಅಂಶಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು ಕೂಡುವುದು ಇದರ ಕ್ರಮ. ಪದ್ಧತಿ ಒಳ್ಳೆಯದೇ. ಆದರೆ ಕೊನೆಯಲ್ಲಿ ಕೂಡುವುದಿದೆಯಷ್ಟೆ, ಅದು ತಪ್ಪು ದಾರಿಗೆ ಎಳೆಯುತ್ತದೆಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ಒಂದು ನಿದರ್ಶನದಿಂದ ನೋಡೋಣ.

ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿ ಮೂವರು ವಿದ್ಯಾರ್ಥಿಗಳು ಸೇರಿ ವಿಷಯವನ್ನು ಹುಡುಕುತ್ತಿದ್ದಾರೆಂದು ಭಾವಿಸೋಣ. ಅವರ ಮುಂದೆ ಮೂರು ವಿಷಯಗಳಿವೆ. ಮೊದಲನೆಯದು, ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ತುಂಬುತ್ತಿರುವ ಹೂಳು. ಎರಡನೆಯದು, ಸಂಡೂರಿನ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯ ಗಿಡಗಳ ಎಲೆಗಳ ಮೇಲೆ ಕೂರುವ ಧೂಳು. ಮೂರನೆಯದು, ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ನೀರು ಆವಿಯಾಗುವ ಪ್ರಮಾಣದ ಹೋಲಿಕೆ. ಅವರು ಕೊಟ್ಟ ಅಂಕಗಳು ಹೀಗಿವೆ:

ಹೂಳು: ಆಸಕ್ತಿ 5, ಮಾಹಿತಿ 1, ಕಾಲ 4, ನೆರವು 5, ಒಟ್ಟು 15.
ಆವಿ: ಆಸಕ್ತಿ 3, ಮಾಹಿತಿ 5, ಕಾಲ 3, ನೆರವು 3, ಒಟ್ಟು 14.
ಧೂಳು: ಆಸಕ್ತಿ 4, ಮಾಹಿತಿ 2, ಕಾಲ 3, ನೆರವು 3, ಒಟ್ಟು 12.

ಹೂಳಿಗೆ ಮೊದಲ ಸ್ಥಾನ ಸಿಕ್ಕಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಈ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಂದಿನಿಂದ ಆ ಸೀಮೆಯ ಮನೆಮನೆಯಲ್ಲಿಯೂ ಜಲಾಶಯದ್ದೇ ಮಾತು. ಮೊದಲಿಗೆ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯ, 2016ರ ಸಮೀಕ್ಷೆಯ ವೇಳೆಗೆ ಸುಮಾರು 106 ಟಿ.ಎಂ.ಸಿ. ಮಾತ್ರ ಹಿಡಿಯುವಂತಾಗಿತ್ತು. ಭೂಗೋಳದ ಉಪಾಧ್ಯಾಯರೂ ಉತ್ಸಾಹದಿಂದ ಒಪ್ಪಿದ್ದಾರೆ. ಆದರೆ ಹೂಳನ್ನು ಅಳೆಯುವವರು ಯಾರು? ದೋಣಿಯಲ್ಲಿ ಕುಳಿತು, ಶಬ್ದದ ಪ್ರತಿಧ್ವನಿಯಿಂದ ತಳದ ಆಳವನ್ನು ಸಾವಿರಾರು ಕಡೆಗಳಲ್ಲಿ ಗುರುತಿಸಿದರೆ ಮಾತ್ರ ಹೂಳಿನ ಲೆಕ್ಕ ಸಿಕ್ಕುತ್ತದೆ. ಅದು ಹಲವು ವರ್ಷಗಳಿಗೊಮ್ಮೆ ನಡೆಯುವ ಕೆಲಸ. ನಮ್ಮ ವಿದ್ಯಾರ್ಥಿಗಳಿಗೆ ಉಳಿಯುವುದು ಪ್ರಕಟವಾದ ಎರಡು ಮೂರು ಸಂಖ್ಯೆಗಳನ್ನು ನಕಲು ಮಾಡುವ ಕೆಲಸ ಮಾತ್ರ. ಅದು ಪ್ರಬಂಧವಾದೀತೇ ಹೊರತು ಸಂಶೋಧನೆಯಾಗದು.

ಕೂಡುವಿಕೆಯ ದೋಷ ಇಲ್ಲಿದೆ. ಕೂಡುವಾಗ ಒಂದು ಅಂಶದ ಕೊರತೆಯನ್ನು ಮತ್ತೊಂದರ ಹೆಚ್ಚಳ ತುಂಬಿಕೊಡುತ್ತದೆಂದು ನಾವು ಒಪ್ಪಿಕೊಂಡಂತಾಗುತ್ತದೆ. ಆಸಕ್ತಿ ಎಷ್ಟೇ ಇದ್ದರೂ ಇಲ್ಲದ ಅಳತೆಯನ್ನು ಅದು ತಂದುಕೊಡಲಾರದು. ಮೂರು ಕಾಲು ಗಟ್ಟಿಯಾಗಿದ್ದ ಮಾತ್ರಕ್ಕೆ ಮುರಿದ ನಾಲ್ಕನೆಯ ಕಾಲಿನ ಮಂಚ ನಿಲ್ಲುವುದೇ? ಆದಕಾರಣ ಅಂಕಗಳನ್ನು ಕೂಡುವ ಬದಲು ಗುಣಿಸಿ ನೋಡಬೇಕು. ಆಗ ಹೂಳಿಗೆ 100, ಆವಿಗೆ 135, ಧೂಳಿಗೆ 72 ಬರುತ್ತದೆ. ಆವಿ ಮುಂದಾಯಿತು.

ಗುಣಿಸಿದೊಡನೆ ಸಮಸ್ಯೆ ಮುಗಿಯಿತೆಂದು ಮಾತ್ರ ತಿಳಿಯಬಾರದು. ಹೂಳಿನ ಮಾಹಿತಿಗೆ 1ರ ಬದಲು 2 ಕೊಟ್ಟಿದ್ದರೆ ಗುಣಲಬ್ಧ 200 ಆಗಿ, ಅದೇ ಮತ್ತೆ ಮೇಲೇರುತ್ತಿತ್ತು. ಅಂದರೆ ಇಡೀ ತೀರ್ಮಾನ ನಿಂತಿರುವುದು ಆ ಒಂದು ಚಿಕ್ಕ ಅಂಕದ ಮೇಲೆ. ಆದ್ದರಿಂದ ಪ್ರತಿಯೊಂದು ವಿಷಯದಲ್ಲಿಯೂ ಎಲ್ಲಕ್ಕಿಂತ ಕಡಮೆಯ ಅಂಕವನ್ನು ಗುರುತಿಸಿ, ಅದನ್ನು ಊಹೆಯಿಂದಲ್ಲದೆ ಪರೀಕ್ಷೆಯಿಂದ ನಿರ್ಧರಿಸಬೇಕು. ಇದೇ ನಮ್ಮ ಮುಖ್ಯ ಸಲಹೆ.

ಧೂಳಿನ ವಿಷಯವನ್ನೇ ತೆಗೆದುಕೊಳ್ಳೋಣ. ಎಲೆಗಳನ್ನು ತೊಳೆದು, ಆ ನೀರನ್ನು ಶೋಧಕ ಕಾಗದದಲ್ಲಿ ಸೋಸಿ, ಒಣಗಿಸಿ ತೂಗಿದರಾಯಿತೆಂದು ತೋರುತ್ತದೆ. ಒಂದು ಭಾನುವಾರ ಇದನ್ನು ಮಾಡಿ ನೋಡಬೇಕು. ಅದಕ್ಕೂ ಮೊದಲು ಧೂಳಿಲ್ಲದ ಬರಿಯ ಕಾಗದವನ್ನೇ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಗಬೇಕು. ಕಾಗದವು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಅದರ ತೂಕವೇ ಹೆಚ್ಚು ಕಡಮೆಯಾಗುತ್ತದೆ. ಒಂದು ಎಲೆಯ ಧೂಳಾದರೋ ಕೆಲವೇ ಮಿಲಿಗ್ರಾಂ. ಕಾಗದದ ಏರಿಳಿತವೇ ಧೂಳಿನ ತೂಕದಷ್ಟಿದ್ದರೆ, ಶಾಲೆಯ ತಕ್ಕಡಿಯಿಂದ ಈ ಕೆಲಸ ಸಾಗದೆಂದು ಅಂದೇ ತಿಳಿಯುತ್ತದೆ. ಒಂದು ದಿನದ ಪರೀಕ್ಷೆಯಿಂದ ಮೂರು ತಿಂಗಳು ಉಳಿಯಿತು.

ಆವಿಯ ಅಳತೆಗೆ ಇಷ್ಟು ತೊಡಕಿಲ್ಲ. ನೇರ ಗೋಡೆಯ, 30 ಸೆಂಟಿಮೀಟರು ವ್ಯಾಸದ ಎರಡು ಪಾತ್ರೆಗಳು ಸಾಕು. ಪಾತ್ರೆಯ ಬಾಯಿಯ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರು. ಆದ್ದರಿಂದ ನೀರನ್ನು ಮೊದಲಿನ ಗುರುತಿಗೆ ತರಲು 71 ಮಿಲಿಲೀಟರು ಸುರಿಯಬೇಕಾಗಿ ಬಂದರೆ 1 ಮಿಲಿಮೀಟರು ಆವಿಯಾಯಿತೆಂದು ಅರ್ಥ. ಹಕ್ಕಿ, ನಾಯಿಗಳು ಕುಡಿಯದಂತೆ ಎರಡರ ಮೇಲೆಯೂ ಒಂದೇ ಬಗೆಯ ತಂತಿಯ ಬಲೆ ಹಾಸಬೇಕು. ಮಳೆ ಬಂದ ದಿನದ ಅಳತೆಯನ್ನು ಬಿಡಬೇಕು. ಇಂಥ ಚಿಕ್ಕ ಪಾತ್ರೆ ಬೇಗ ಬಿಸಿಯಾಗುವುದರಿಂದ ಕೆರೆಯ ನೀರಿನ ನಷ್ಟವನ್ನು ಇದರಿಂದ ಹೇಳಲಾಗದು. ನೆರಳಿಗೂ ಬಿಸಿಲಿಗೂ ಇರುವ ವ್ಯತ್ಯಾಸವನ್ನು ಮಾತ್ರ ಹೇಳಬಹುದು.

ಕಾಲಾವಕಾಶಕ್ಕೆ ಅಂಕ ಕೊಡುವಾಗಲೂ ಊಹೆ ಸಲ್ಲದು. ಯೋಜನೆಯನ್ನು ಒಪ್ಪಿಸುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಮೂರು ತಿಂಗಳೆಂದರೆ ಸುಮಾರು 12 ವಾರ. ಬರವಣಿಗೆಗೆ 3 ವಾರ, ಸಲಕರಣೆಗಳ ಸಿದ್ಧತೆಗೆ 2 ವಾರ, ಹಬ್ಬ ಮತ್ತು ಪರೀಕ್ಷೆಗಳಿಗೆ 2 ವಾರ ಕಳೆದರೆ ಅಳತೆಗೆ ಉಳಿಯುವುದು 35 ದಿನ. ಉಪಾಧ್ಯಾಯರ ನೆರವೂ ಹಾಗೆಯೇ. ಅವರಿಗೆ ವಿಷಯದಲ್ಲಿ ಎಷ್ಟು ಉತ್ಸಾಹವಿದೆ ಎನ್ನುವುದಕ್ಕಿಂತ ವಾರಕ್ಕೆ ಎಷ್ಟು ಗಂಟೆ, ಯಾವ ತಿಂಗಳವರೆಗೆ ಕೊಡಬಲ್ಲರು ಎನ್ನುವುದನ್ನು ಕೇಳಿ ತಿಳಿದು ಅಂಕ ಕೊಡಬೇಕು.

ಹಾಗಾದರೆ ಆಸಕ್ತಿಗೆ ಬೆಲೆಯೇ ಇಲ್ಲವೇ ಎಂದು ಓದುಗರು ಕೇಳಬಹುದು. ಖಂಡಿತ ಇದೆ. ಪ್ರೀತಿಯ ವಿಷಯವನ್ನು ಕೈಬಿಡುವ ಮೊದಲು ಅದನ್ನು ಕಿರಿದು ಮಾಡಲು ಸಾಧ್ಯವೇ ಎಂದು ನೋಡಬೇಕು. ಜಲಾಶಯದ ತಳವನ್ನು ಅಳೆಯಲಾಗದಿದ್ದರೂ, ಹೊಲದಿಂದ ಹಳ್ಳಕ್ಕೆ ಹರಿಯುವ ಕೆಂಪು ನೀರನ್ನು ಅಳೆಯಬಹುದಲ್ಲವೇ? ಮಳೆ ಬಿದ್ದ ಮೊದಲ ಅರ್ಧ ಗಂಟೆಯಲ್ಲಿ 10 ಲೀಟರು ನೀರನ್ನು ಹಿಡಿದು, ನಯವಾದ ಜೇಡಿಯೂ ಇಳಿಯುವಂತೆ ಸ್ವಲ್ಪ ಪಟಕ ಬೆರೆಸಿ, ತಳದ ಮಣ್ಣನ್ನು ಒಣಗಿಸಿ ತೂಗಬಹುದು. ಇಲ್ಲಿ ಸಿಕ್ಕುವುದು ಗ್ರಾಂಗಳ ಲೆಕ್ಕ. ಶಾಲೆಯ ತಕ್ಕಡಿಗೆ ಎಟಕುವ ತೂಕ. ಬದುವಿರುವ ಹೊಲದ ನೀರನ್ನೂ ಬದುವಿಲ್ಲದ ಹೊಲದ ನೀರನ್ನೂ ಹೋಲಿಸಿದರೆ, ಜಲಾಶಯದ ಹೂಳು ಎಲ್ಲಿ ಹುಟ್ಟುತ್ತದೆಂಬ ಪ್ರಶ್ನೆಗೆ ಒಂದು ತುಣುಕು ಉತ್ತರ ಸಿಕ್ಕುತ್ತದೆ.

ಈ ಹೊಸ ವಿಷಯಕ್ಕೆ ಆಸಕ್ತಿ 4, ಮಾಹಿತಿ 4, ನೆರವು 4 ಎನ್ನೋಣ. ಉಳಿದದ್ದು ಕಾಲ. ಜೂನ್ ತಿಂಗಳಲ್ಲಿ ಮಳೆಗಾಲದ ಮೊದಲಲ್ಲೇ ಆರಂಭಿಸಿದರೆ ಅದಕ್ಕೂ 4 ಕೊಡಬಹುದು, ಗುಣಲಬ್ಧ 256. ಮಳೆ ನಿಂತ ಡಿಸೆಂಬರಿನಲ್ಲಿ ಆರಂಭಿಸಿದರೆ ಹಳ್ಳದಲ್ಲಿ ಹಿಡಿಯಲು ನೀರೇ ಇರದು. ಕಾಲಕ್ಕೆ 1, ಗುಣಲಬ್ಧ 64. ಅದೇ ವಿಷಯ, ಅದೇ ವಿದ್ಯಾರ್ಥಿಗಳು. ತಿಂಗಳು ಬದಲಾದುದರಿಂದ ಮೊದಲ ಸ್ಥಾನ ಕೊನೆಯದಾಯಿತು. ಆಗ ಆವಿಯ ಪಾತ್ರೆಗಳನ್ನು ಹೊರಗಿಡುವುದೇ ಲೇಸು.

ಆದುದರಿಂದ ಅಂಕಪಟ್ಟಿಯನ್ನು ಬರೆದಾಗ ಒಟ್ಟನ್ನು ಕೊನೆಗೆ ನೋಡಿರಿ, ಕಡಮೆಯ ಅಂಕವನ್ನು ಮೊದಲು ನೋಡಿರಿ. ಅದು ಏಕೆ ಕಡಮೆಯಾಯಿತು, ಅದನ್ನು ಒಂದು ದಿನದಲ್ಲಿ ಪರೀಕ್ಷಿಸುವ ಬಗೆ ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಅದೇ ಕಾಗದದ ಅಂಚಿನಲ್ಲಿ ಬರೆದ ಮೇಲೆಯೇ ವಿಷಯವನ್ನು ಗೊತ್ತುಮಾಡಿರಿ.