ಫಂಡಿನ ಹಣ ಹೊರಟಿತಂತೆ, ಖಾತೆಗೆ ಬಂದಿಲ್ಲ

ಸಿಂದಗಿಯ ತಂದೆಯೊಬ್ಬರು ಮಗಳ ಕಾಲೇಜು ಫೀಸಿಗೆಂದು ಸೋಮವಾರ ಮಧ್ಯಾಹ್ನ 3 ಗಂಟೆಯೊಳಗೆ ಈಕ್ವಿಟಿ ಮ್ಯೂಚುವಲ್ ಫಂಡಿನ 60,000 ರೂಪಾಯಿಯಷ್ಟು ಯುನಿಟ್ ಮಾರಿದರು ಎಂದುಕೊಳ್ಳಿ. ಸೆಬಿ ನಿಯಮದಂತೆ ಮೂರು ಕೆಲಸದ ದಿನಗಳೊಳಗೆ, ಅಂದರೆ ನಡುವೆ ರಜೆಯಿಲ್ಲದಿದ್ದರೆ ಗುರುವಾರದೊಳಗೆ, ಹಣ ಕಳಿಸಬೇಕು. ಮುಂದಿನ ಸೋಮವಾರವಾದರೂ ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ. ಏಜೆಂಟರನ್ನು ಕೇಳಿದರೆ 'ಬರ್ತದ್ರಿ, ತಡೀರಿ' ಎನ್ನುತ್ತಾರೆ.

ಇನ್ನು ತಡೆಯಬೇಕಿಲ್ಲ, ಬರೆಯಬೇಕು. ನಿಮ್ಮ ಫಂಡಿನ ಲೆಕ್ಕ ಇಡುವ ರಿಜಿಸ್ಟ್ರಾರ್ ಯಾರೆಂದು ಸ್ಟೇಟ್‌ಮೆಂಟಿನಲ್ಲೇ ಇರುತ್ತದೆ. ಹೆಚ್ಚಾಗಿ ಚೆನ್ನೈನ ಕ್ಯಾಮ್ಸ್ ಅಥವಾ ಹೈದರಾಬಾದಿನ ಕೆಫಿನ್‌ಟೆಕ್. ಫೋಲಿಯೊದಲ್ಲಿ ನೋಂದಾಯಿಸಿದ ಇಮೇಲಿನಿಂದಲೇ ಬರೆಯಿರಿ, ಫಂಡ್ ಕಂಪನಿಗೂ ಒಂದು ಪ್ರತಿ ಹೋಗಲಿ. ಇಮೇಲ್ ಇಲ್ಲದವರು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಯಾವ ಅಂಚೆ ಕಚೇರಿಯಿಂದಲಾದರೂ ಪತ್ರ ಕಳಿಸಿ ರಸೀದಿ ಇಟ್ಟುಕೊಳ್ಳಬಹುದು.

'ಹಣ ಬಂದಿಲ್ಲ, ದಯವಿಟ್ಟು ಕಳಿಸಿ' ಎಂದಷ್ಟೇ ಬರೆದರೆ 'ಕಳಿಸಿದ್ದೇವೆ' ಎಂಬ ಒಂದು ಸಾಲಿನ ಉತ್ತರ ಬಂದೀತು. ಹೀಗೆ ಕೇಳಿ:

'ಫೋಲಿಯೊ ಸಂಖ್ಯೆ ಇಂಥದ್ದು. ಇಂಥ ಯೋಜನೆಯ ಇಷ್ಟು ಯುನಿಟ್‌ಗಳನ್ನು ಇಂಥ ದಿನಾಂಕದಂದು ಮಾರಿದ್ದೇನೆ. ಕೊನೆಯ ನಾಲ್ಕು ಅಂಕಿ ಇಂಥವಿರುವ ಖಾತೆಗೆ ಹಣ ಜಮಾ ಆಗಿಲ್ಲ. ಹಣ ಕಳಿಸಿದ ದಿನಾಂಕ, ಖಾತೆ, ಐಎಫ್‌ಎಸ್‌ಸಿ ಕೋಡ್ ಮತ್ತು ಯುಟಿಆರ್ ಸಂಖ್ಯೆ ತಿಳಿಸಿ. ವಾಪಸಾಗಿದ್ದರೆ ಕಾರಣ ತಿಳಿಸಿ. ತಡ ನಿಮ್ಮ ಕಡೆಯದಾದರೆ ಬಡ್ಡಿ ಸೇರಿಸಿ ಕೊಡಿ.'

ಈ ಪತ್ರದ ಜೀವ ಯುಟಿಆರ್ ಸಂಖ್ಯೆ. ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ಪ್ರತಿ ಹಣಕ್ಕೂ ಅಂಥದ್ದೊಂದು ಗುರುತಿರುತ್ತದೆ. ಅದನ್ನು ಹಿಡಿದು ಶಾಖೆಗೆ ಹೋದರೆ ಹಣ ಬಂದಿತ್ತೇ, ಹಿಂದಿರುಗಿತೇ ಎಂದು ಹುಡುಕಿ ಹೇಳುತ್ತಾರೆ. ಸಂಖ್ಯೆಯನ್ನೇ ಕೊಡಲಾಗದಿದ್ದರೆ ಹಣ ಇನ್ನೂ ಹೊರಟಿಲ್ಲವೆಂದು ಅನುಮಾನಿಸಬಹುದು.

ಹಿಂದಿರುಗಲು ನಮ್ಮ ಕಡೆ ಒಂದು ಹಳೆಯ ಕಾರಣವಿದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. SYNB ಎಂದು ಶುರುವಾಗುವ ಕೋಡುಗಳು 2021ರ ಜುಲೈಯಿಂದ ನಿಂತುಹೋದವು, ಈಗ CNRB. ಅದಕ್ಕೆ ಮುಂಚೆ ಹಣ ಹೂಡಿ ಮರೆತವರ ಫೋಲಿಯೊದಲ್ಲಿ ಹಳೆಯ ಕೋಡೇ ಉಳಿದಿರಬಹುದು. ಆಗ ಬದಲಾವಣೆ ಅರ್ಜಿಯ ಜೊತೆ, ಹೆಸರು ಮುದ್ರಿಸಿದ ರದ್ದುಪಡಿಸಿದ ಚೆಕ್ ಕೊಡಬೇಕು. ಫೀಸಿನ ಕೊನೆಯ ದಿನ ಹತ್ತಿರವಿದ್ದಾಗಲ್ಲ, ಯುನಿಟ್ ಮಾರುವ ತಿಂಗಳಿಗೆ ಮೊದಲೇ ಇದನ್ನು ನೋಡಿಕೊಳ್ಳುವುದು ಲೇಸು.

ಬಡ್ಡಿಯ ಮಾತು. ಫಂಡ್ ಕಂಪನಿ ತಡಮಾಡಿದರೆ ವರ್ಷಕ್ಕೆ ಶೇ. 15ರಂತೆ ಕೊಡಬೇಕು. 60,000 ರೂಪಾಯಿಗೆ 12 ದಿನ ತಡವಾದರೆ ಸುಮಾರು 296 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಕೇಳಿದರೆ ಕಡತ ಬೇಗ ಕದಲುತ್ತದೆ. ಅವರು ಸಕಾಲಕ್ಕೆ ಕಳಿಸಿ, ನಮ್ಮ ಹಳೆಯ ಕೋಡಿನಿಂದ ಹಿಂದಿರುಗಿದ್ದರೆ ಮಾತ್ರ ಆ ಬಡ್ಡಿಗೆ ಪಟ್ಟು ಹಿಡಿಯುವುದು ಕಷ್ಟ.

ಸಮಾಧಾನದ ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಲಗತ್ತಿಸಿ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ, ಕಂಪನಿ 21 ದಿನಗಳೊಳಗೆ ಉತ್ತರಿಸಬೇಕು. ಪತ್ರದಲ್ಲಾಗಲಿ ಫೋನಿನಲ್ಲಾಗಲಿ ಒಟಿಪಿಯನ್ನು ಮಾತ್ರ ಯಾರಿಗೂ ಕೊಡಬೇಡಿ. ಹಣ ಹುಡುಕಲು ಅದು ಯಾರಿಗೂ ಬೇಕಾಗುವುದಿಲ್ಲ.