ನಾಲ್ಕು ಪಟ್ಟು ಪರಿಹಾರ: ಯಾವ ಬೆಲೆಗೆ?

ಕೃಷಿ ಜಮೀನು ಸ್ವಾಧೀನವಾಗುವ ಊರುಗಳಲ್ಲಿ ಅಧಿಕಾರಿಗಳಿಂದ ಕೇಳಿಬರುವ ಮಾತು ಒಂದೇ: ಗ್ರಾಮೀಣ ಜಮೀನಿಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೂ ಪರಿಹಾರ ಸಿಗುತ್ತದೆ. 2014ರ ಜನವರಿ 1ರಂದು ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಈ ಮಾತು ಸರಿಯೇ. ಆದರೆ ರೈತರ ತಕರಾರು ಇರುವುದು ಪಟ್ಟಿನ ಬಗ್ಗೆಯಲ್ಲ, ಯಾವ ಬೆಲೆಯನ್ನು ಹಾಗೆ ಗುಣಿಸಲಾಗುತ್ತದೆ ಎಂಬುದರ ಬಗ್ಗೆ. ಆ ತಕರಾರಿನಲ್ಲಿ ಹುರುಳಿದೆ.

ಕಾಯ್ದೆಯ 26ನೇ ಕಲಂ ಮುಖ್ಯವಾಗಿ ಎರಡು ಬೆಲೆಗಳನ್ನು ಹೋಲಿಸಲು ಹೇಳುತ್ತದೆ. ಒಂದು, ನೋಂದಣಿಗಾಗಿ ಸರ್ಕಾರವೇ ಗೊತ್ತುಪಡಿಸಿದ ಮಾರ್ಗಸೂಚಿ ಬೆಲೆ. ಇನ್ನೊಂದು, ಅಕ್ಕಪಕ್ಕದಲ್ಲಿ ಹಿಂದಿನ ಮೂರು ವರ್ಷ ಅದೇ ಬಗೆಯ ಜಮೀನಿಗೆ ನೋಂದಣಿಯಾದ ಕ್ರಯಪತ್ರಗಳ ಸರಾಸರಿ. ಈ ಸರಾಸರಿಗೆ ಎಲ್ಲ ಪತ್ರಗಳನ್ನೂ ಹಿಡಿಯುವಂತಿಲ್ಲ. ಹೆಚ್ಚಿನ ಬೆಲೆ ನಮೂದಾಗಿರುವ ಅರ್ಧದಷ್ಟು ಪತ್ರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡರಲ್ಲಿ ಯಾವುದು ಹೆಚ್ಚೋ ಅದೇ ಮಾರುಕಟ್ಟೆ ಬೆಲೆ. ಗ್ರಾಮೀಣ ಪ್ರದೇಶದಲ್ಲಿ ಅದನ್ನು, ಪಟ್ಟಣದಿಂದ ಇರುವ ದೂರಕ್ಕೆ ತಕ್ಕಂತೆ, 1ರಿಂದ 2ರವರೆಗಿನ ಅಂಶದಿಂದ ಗುಣಿಸಿ, ಬಂದ ಮೊತ್ತಕ್ಕೆ ಅಷ್ಟೇ ಮೊತ್ತದ ಸೊಲೇಷಿಯಂ ಸೇರಿಸಲಾಗುತ್ತದೆ.

ಕಾಗದದ ಮೇಲೆ ಇವು ಎರಡು ಅಳತೆಗೋಲುಗಳು. ವ್ಯವಹಾರದಲ್ಲಿ ಎರಡರ ಬೇರೂ ಒಂದೇ. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಉಳಿಸಲು ಕೊಳ್ಳುವವರು ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆಯನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಬರೆಸಿ, ಉಳಿದ ಹಣವನ್ನು ಕೈಯಿಂದ ಕೈಗೆ ಕೊಡುವುದು ಎಲ್ಲರಿಗೂ ತಿಳಿದ ಪದ್ಧತಿ. ಹಾಗಾಗಿ ಮಾರ್ಗಸೂಚಿ ಬೆಲೆ ತಗ್ಗಿದ್ದರೆ ಕ್ರಯಪತ್ರಗಳ ಸರಾಸರಿಯೂ ತಗ್ಗುತ್ತದೆ. ಮಾರ್ಗಸೂಚಿ ಬೆಲೆ ಪರಿಷ್ಕರಣೆಯಾಗದೆ ವರ್ಷಗಟ್ಟಲೆ ಉಳಿಯುವುದೂ ಉಂಟು. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಿಂದ ಜಾರಿಯಾದ ಪರಿಷ್ಕರಣೆ ಹಲವು ವರ್ಷಗಳ ನಂತರ ಬಂದದ್ದು.

ಒಂದು ಕಲ್ಪಿತ ಲೆಕ್ಕ ನೋಡಬಹುದು. ಒಂದು ಹಳ್ಳಿಯ ಮಾರ್ಗಸೂಚಿ ಬೆಲೆ ಎಕರೆಗೆ 12 ಲಕ್ಷ ರೂಪಾಯಿ. ಮೂರು ವರ್ಷಗಳ ಎಂಟು ಕ್ರಯಪತ್ರಗಳಲ್ಲಿ ಎಕರೆಗೆ 10, 11, 12, 12, 14, 16, 20 ಮತ್ತು 30 ಲಕ್ಷ ನಮೂದಾಗಿದೆ. ಮೇಲಿನ ನಾಲ್ಕರ ಸರಾಸರಿ 20 ಲಕ್ಷ. ಗುಣಕ 1.5 ಆದರೆ 30 ಲಕ್ಷ, ಸೊಲೇಷಿಯಂ ಸೇರಿ 60 ಲಕ್ಷ. ಅಧಿಕಾರಿ ಮಾರ್ಗಸೂಚಿ ಬೆಲೆಗೇ ನಿಂತರೆ ಸಿಗುವುದು 36 ಲಕ್ಷ. ವಾಸ್ತವ ಬೆಲೆಯನ್ನು ಸೂಚಿಸುವುದಿಲ್ಲ ಎನಿಸಿದ ಪತ್ರಗಳನ್ನು ಕೈಬಿಡುವ ಅಧಿಕಾರವೂ ಅವರಿಗಿದೆ. ಅದನ್ನು ಬಳಸಿ 20 ಮತ್ತು 30 ಲಕ್ಷದ ಪತ್ರಗಳನ್ನು ಬಿಟ್ಟರೆ ಉಳಿದ ಆರರಲ್ಲಿ ಮೇಲಿನ ಮೂರರ ಸರಾಸರಿ 14 ಲಕ್ಷ, ಪರಿಹಾರ 42 ಲಕ್ಷ. ಎರಡು ಪತ್ರ ಬಿಟ್ಟಿದ್ದಕ್ಕೆ ರೈತ ಕಳೆದುಕೊಳ್ಳುವುದು ಎಕರೆಗೆ 18 ಲಕ್ಷ. ಬುಡದಲ್ಲಿ ಆದ ತಪ್ಪನ್ನು ಗುಣಕವೂ ಸೊಲೇಷಿಯಮ್ಮೂ ತಿದ್ದುವುದಿಲ್ಲ, ದೊಡ್ಡದು ಮಾಡುತ್ತವೆ.

ಬೆಲೆ ಮುಚ್ಚಿಟ್ಟು ಶುಲ್ಕ ತಪ್ಪಿಸಿದವರು ಪರಿಹಾರದ ಹೊತ್ತಿಗೆ ನಿಜ ಬೆಲೆ ಕೇಳುವುದು ಸರಿಯೇ ಎಂಬ ವಾದವಿದೆ. ಇದು ತಪ್ಪು ವ್ಯಕ್ತಿಯ ಮೇಲೆ ಹೊರಿಸುವ ಆರೋಪ. ಆ ಕ್ರಯಪತ್ರಗಳನ್ನು ಬರೆಸಿದವರು ಬೇರೆಯವರು. ಪಿತ್ರಾರ್ಜಿತ ಜಮೀನನ್ನು ಎಂದೂ ಮಾರದ ರೈತ ಅವರ ಸುಳ್ಳಿಗೆ ದಂಡ ತೆರಬೇಕಾಗುತ್ತದೆ. ಪರಿಹಾರದ ಹಣದಲ್ಲಿ ಬೇರೆ ಜಮೀನು ಕೊಳ್ಳಹೋದಾಗ ಅವನಿಗೆ ಯಾರೂ ಮಾರ್ಗಸೂಚಿ ಬೆಲೆಗೆ ಮಾರುವುದಿಲ್ಲ. ಖಜಾನೆಗೆ ಹೊರೆ ಎಂಬ ಇನ್ನೊಂದು ವಾದವೂ ನಿಲ್ಲುವುದಿಲ್ಲ. ಬೆಲೆ ಕಡಿಮೆ ಕಟ್ಟಿದರೆ ಯೋಜನೆಯ ಖರ್ಚು ಇಳಿಯುವುದಿಲ್ಲ. ಅದರ ಒಂದು ಪಾಲು ಜಮೀನು ಕಳೆದುಕೊಂಡವನ ತಲೆಗೆ ಹೋಗುತ್ತದೆ, ಅಷ್ಟೆ.

ಕಾಯ್ದೆಯೊಳಗೆ ದಾರಿ ಇದೆ, ಆದರೆ ಅದು ಕಿರಿದು. ಐತೀರ್ಪು ಹೊರಬೀಳುವಾಗ ಹಾಜರಿದ್ದವರು 6 ವಾರದೊಳಗೆ 64ನೇ ಕಲಮಿನಡಿ ಅರ್ಜಿ ಕೊಟ್ಟು, ವಿಷಯವನ್ನು ಭೂಸ್ವಾಧೀನ ಪ್ರಾಧಿಕಾರಕ್ಕೆ ಒಪ್ಪಿಸುವಂತೆ ಕೇಳಬೇಕು. ಹಣ ಪಡೆಯುವಾಗ ಆಕ್ಷೇಪಣೆಗೆ ಒಳಪಟ್ಟು ಪಡೆದಿರುವುದಾಗಿ ಬರೆದಿರಬೇಕು. ಸುಮ್ಮನೆ ಸಹಿ ಹಾಕಿದರೆ ಆ ಹಕ್ಕು ಹೋಗುತ್ತದೆ. ಯಾವ ಪತ್ರಗಳನ್ನು ಲೆಕ್ಕಕ್ಕೆ ಹಿಡಿದರು, ಯಾವುದನ್ನು ಬಿಟ್ಟರು ಎಂದು ತಿಳಿಯದ ರೈತ ಏನೆಂದು ಆಕ್ಷೇಪಿಸಬೇಕು?

ಹೊಸ ಕಾಯ್ದೆಯ ಅಗತ್ಯವಿಲ್ಲ. ಸ್ವಾಧೀನ ಆರಂಭಿಸುವ ಮುನ್ನ ಚಾಲ್ತಿಯಲ್ಲಿರುವ ದರಕ್ಕೆ ತಕ್ಕಂತೆ ಜಮೀನಿನ ಬೆಲೆ ಪರಿಷ್ಕರಿಸಬೇಕೆಂದು 26ನೇ ಕಲಂ ಈಗಾಗಲೇ ಹೇಳಿದೆ. ಆ ಪರಿಷ್ಕರಣೆ ನಡೆದ ದಿನಾಂಕವನ್ನು ಅಧಿಸೂಚನೆಯಲ್ಲೇ ನಮೂದಿಸುವುದನ್ನು ಕಡ್ಡಾಯ ಮಾಡಬೇಕು. ಲೆಕ್ಕಕ್ಕೆ ಹಿಡಿದ ಮತ್ತು ಕೈಬಿಟ್ಟ ಎಲ್ಲ ಕ್ರಯಪತ್ರಗಳ ಪಟ್ಟಿಯನ್ನು, ಕೈಬಿಟ್ಟ ಕಾರಣದ ಸಮೇತ, ಐತೀರ್ಪಿಗೆ ಮುನ್ನ ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಬೇಕು. ಇವೆರಡೂ ಇಲ್ಲದೆ ಕಟ್ಟಿದ ದರವನ್ನು ಮಾರುಕಟ್ಟೆ ಬೆಲೆ ಎಂದು ರೈತರು ಒಪ್ಪಬೇಕಾಗಿಲ್ಲ.